ಎರಡು ಲಕ್ಷ ಮೀರಿದ ಬಡ್ಡಿ ಎಲ್ಲಿಗೆ ಹೋಗುತ್ತದೆ?

(ಸಂಬಳದಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆ ಸಾಲ ಇರುವ ಸಂಬಳದಾರರು ಪ್ರತಿ ವರ್ಷ ಕೇಳುವ ಪ್ರಶ್ನೆಯೊಂದಿದೆ. "ಸರ್, ಈ ವರ್ಷ ಐದು ಲಕ್ಷ ಬಡ್ಡಿ ಕಟ್ಟಿದ್ದೇನೆ. ಆಫೀಸಿನವರು ಸಂಬಳದಲ್ಲಿ ಎರಡೇ ಲಕ್ಷ ಕಳೆದಿದ್ದಾರೆ. ಉಳಿದ ಮೂರು ಲಕ್ಷ ಎಲ್ಲಿಗೆ ಹೋಯಿತು?" ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾನು ಒಂದು ವಿಷಯ ತಿಳಿದುಕೊಳ್ಳಬೇಕು. ಆ ಮನೆಯಲ್ಲಿ ಯಾರಿದ್ದಾರೆ? ನೀವೇ ಇದ್ದೀರೋ, ಬಾಡಿಗೆಗೆ ಕೊಟ್ಟಿದ್ದೀರೋ? ಸಾಲ ಅದೇ, ಬ್ಯಾಂಕು ಅದೇ, ಬಡ್ಡಿಯೂ ಅಷ್ಟೇ ಇರಬಹುದು. ಆದರೆ ಮನೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಉಳಿದ ಹಣದ ಗತಿ ಪೂರ್ತಿ ಬದಲಾಗುತ್ತದೆ.

ಕಾರಣ ಇಷ್ಟೇ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಎರಡು ಲಕ್ಷದ ಮಿತಿ ಒಂದಲ್ಲ, ಎರಡಿವೆ. ಮೊತ್ತ ಒಂದೇ ಆಗಿರುವುದರಿಂದ ಎರಡೂ ಒಂದೇ ಎಂದು ಜನ ಭಾವಿಸುತ್ತಾರೆ. ಇವತ್ತು ನಾನು ಮಾತಾಡುವುದು ಮುಖ್ಯವಾಗಿ ಈ ಎರಡರ ನಡುವಿನ ವ್ಯತ್ಯಾಸದ ಬಗ್ಗೆ.

ಮೊದಲ ಮಿತಿ ಬಡ್ಡಿಗೆ ಸಂಬಂಧಿಸಿದ್ದು. ನೀವು ವಾಸವಿರುವ ಮನೆಗೆ ಬಾಡಿಗೆ ವರಮಾನ ಇಲ್ಲ, ಹಾಗಾಗಿ ಅದರ ವಾರ್ಷಿಕ ಮೌಲ್ಯ ಸೊನ್ನೆ. ಆ ಸೊನ್ನೆಯಿಂದ 1961ರ ಕಾಯ್ದೆಯ ಸೆಕ್ಷನ್ 24(ಬಿ) ಪ್ರಕಾರ ಹೆಚ್ಚೆಂದರೆ ಎರಡು ಲಕ್ಷ ರೂಪಾಯಿ ಬಡ್ಡಿ ಕಳೆಯಬಹುದು. ಸೊನ್ನೆಯಲ್ಲಿ ಎರಡು ಲಕ್ಷ ಕಳೆದರೆ ಎರಡು ಲಕ್ಷ ನಷ್ಟ. ಆ ನಷ್ಟವನ್ನು ಸಂಬಳದ ಎದುರು ವಜಾ ಮಾಡಿಕೊಳ್ಳುತ್ತೀರಿ, ಅಂದರೆ ಸಂಬಳದ ಆದಾಯದಿಂದ ಕಳೆದುಕೊಳ್ಳುತ್ತೀರಿ. ಬಡ್ಡಿ ಐದು ಲಕ್ಷ ಇದ್ದರೆ ಮೇಲಿನ ಮೂರು ಲಕ್ಷವನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ನಷ್ಟವೆಂದು ಹುಟ್ಟುವುದೇ ಇಲ್ಲ. ಹುಟ್ಟದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಮಾತೂ ಬರುವುದಿಲ್ಲ. ಈಗ ಎರಡು ಮನೆಗಳನ್ನು ಸ್ವಂತ ವಾಸದವು ಎಂದು ತೋರಿಸಬಹುದು. ಆಗಲೂ ಎರಡೂ ಮನೆ ಸೇರಿ ಮಿತಿ ಎರಡೇ ಲಕ್ಷ. ಮನೆ ಕಟ್ಟಿ ಮುಗಿಸುವುದು ತಡವಾದರೆ ಇದೂ ದಕ್ಕುವುದಿಲ್ಲ. ಸಾಲ ತೆಗೆದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಕಟ್ಟಡ ಪೂರ್ಣವಾಗದಿದ್ದರೆ ಸ್ವಂತ ವಾಸದ ಮನೆಯ ಮಿತಿ ಮೂವತ್ತು ಸಾವಿರಕ್ಕೆ ಇಳಿಯುತ್ತದೆ. ಬಿಲ್ಡರ್ ಎಳೆದಾಡಿದ ಫ್ಲ್ಯಾಟ್ ಕೊಂಡವರು ಈ ದಿನಾಂಕವನ್ನು ಖಂಡಿತ ನೋಡಿಕೊಳ್ಳಬೇಕು.

ಎರಡನೆಯ ಮಿತಿ ವಜಾಕ್ಕೆ ಸಂಬಂಧಿಸಿದ್ದು. ಮನೆ ಬಾಡಿಗೆಗೆ ಹೋಗಿದ್ದರೆ ಬಡ್ಡಿಗೆ ಮಿತಿಯೇ ಇಲ್ಲ. ಐದು ಲಕ್ಷವಿರಲಿ, ಒಂಬತ್ತು ಲಕ್ಷವಿರಲಿ, ಪೂರ್ತಿ ಬಡ್ಡಿಯನ್ನು ಬಾಡಿಗೆಯ ಎದುರು ಕಳೆಯಬಹುದು. ಹಾಗೆ ಕಳೆದು ಬಂದ ನಷ್ಟ ಎಷ್ಟೇ ದೊಡ್ಡದಾದರೂ ಸಂಬಳವೂ ಸೇರಿದಂತೆ ಬೇರೆ ಬಗೆಯ ಆದಾಯಗಳ ಎದುರು ಒಂದು ವರ್ಷದಲ್ಲಿ ಎರಡು ಲಕ್ಷ ಮಾತ್ರ ವಜಾ ಆಗುತ್ತದೆ. ಇದು ಸೆಕ್ಷನ್ 71(3ಎ). 2017ರ ಹಣಕಾಸು ಕಾಯ್ದೆ ತಂದ ಮಾತು ಇದು. ಅದಕ್ಕೂ ಮೊದಲು ಬಾಡಿಗೆ ಮನೆಯ ಇಡೀ ನಷ್ಟವನ್ನು ಸಂಬಳದಲ್ಲಿ ಕಳೆಯಬಹುದಿತ್ತು. ಇಲ್ಲಿ ಎರಡು ಲಕ್ಷ ಮೀರಿದ್ದು ಸಾಯುವುದಿಲ್ಲ. ಅದು ನಿಜವಾಗಿ ಹುಟ್ಟಿದ ನಷ್ಟ, ಸೆಕ್ಷನ್ 71ಬಿ ಪ್ರಕಾರ ಮುಂದಿನ ಎಂಟು ವರ್ಷ ಬದುಕಿರುತ್ತದೆ. ಆದರೆ ಆ ಎಂಟು ವರ್ಷದಲ್ಲಿ ಅದಕ್ಕೆ ಸಂಬಳದ ಹತ್ತಿರ ಸುಳಿಯಲು ಅವಕಾಶವಿಲ್ಲ. ಮನೆ ಆಸ್ತಿಯಿಂದ ಆದಾಯ ಬಂದರೆ ಅದರ ಎದುರು ಮಾತ್ರ ಅದನ್ನು ಬಳಸಬಹುದು.

ಈ ಕೊನೆಯ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. "ಉಳಿದದ್ದು ಮುಂದಿನ ವರ್ಷ ಸಂಬಳದಲ್ಲಿ ಕಳೆಯುತ್ತದೆ" ಎಂದು ನಂಬಿಕೊಂಡವರನ್ನು ಬಹಳ ನೋಡಿದ್ದೇನೆ. ಹಾಗೆ ಆಗುವುದಿಲ್ಲ. ನಷ್ಟಕ್ಕೆ ಸಂಬಳದ ಎದುರು ವಜಾ ಆಗುವ ಅವಕಾಶ ಅದು ಹುಟ್ಟಿದ ವರ್ಷದಲ್ಲಿ ಮಾತ್ರ.

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಒಬ್ಬ ಉದ್ಯೋಗಿ, ವರ್ಷಕ್ಕೆ ಹದಿನೈದು ಲಕ್ಷ ಸಂಬಳ. ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟಿದ್ದಾರೆ. ಸಾಲ 60 ಲಕ್ಷ, ಬಡ್ಡಿ ಶೇ. 8.5, ಅವಧಿ 20 ವರ್ಷ. ಇಎಂಐ ಸುಮಾರು 52 ಸಾವಿರ. ಮೊದಲ ಪೂರ್ಣ ವರ್ಷ 2025-26 ಎಂದಿಟ್ಟುಕೊಳ್ಳೋಣ. ಆ ವರ್ಷ ಕಟ್ಟಿದ ಸುಮಾರು ಆರೂಕಾಲು ಲಕ್ಷದಲ್ಲಿ ಬಡ್ಡಿಯೇ 5,05,000. ಅಸಲಿಗೆ ಹೋದದ್ದು ಸುಮಾರು 1,20,000.

ತಿಂಗಳ ಬಾಡಿಗೆ 20,000, ವರ್ಷಕ್ಕೆ 2,40,000. ಇದರಿಂದ ಮೊದಲು ಮಾಲೀಕರು ಆ ವರ್ಷದಲ್ಲಿ ನಿಜವಾಗಿ ಕಟ್ಟಿದ ಮನೆ ಕಂದಾಯ ಕಳೆಯಬೇಕು. ಅದು 10,000 ಎನ್ನೋಣ. ಕಟ್ಟಬೇಕಾಗಿದ್ದು ಕಟ್ಟದೆ ಉಳಿದ ಕಂದಾಯ ಕಳೆಯುವಂತಿಲ್ಲ, ಬಾಡಿಗೆದಾರರು ಕಟ್ಟಿದ್ದರೂ ಇಲ್ಲ. ಉಳಿದದ್ದು 2,30,000. ಇದರಲ್ಲಿ ಶೇ. 30ರಷ್ಟನ್ನು, ಅಂದರೆ 69,000ವನ್ನು, ರಿಪೇರಿ ಮುಂತಾದ ಖರ್ಚಿಗೆಂದು ಕಾನೂನೇ ಬಿಡುತ್ತದೆ. ನೀವು ಒಂದು ಪೈಸೆ ಖರ್ಚು ಮಾಡದಿದ್ದರೂ ಅದು ಸಿಗುತ್ತದೆ, ಮೂರು ಲಕ್ಷ ಖರ್ಚು ಮಾಡಿದ್ದರೂ ಅಷ್ಟೇ ಸಿಗುತ್ತದೆ. ಈಗ ಉಳಿದದ್ದು 1,61,000. ಇದರಿಂದ ಬಡ್ಡಿ 5,05,000 ಕಳೆದರೆ 3,44,000 ನಷ್ಟ.

ಈ 3,44,000ದಲ್ಲಿ ಎರಡು ಲಕ್ಷ ಆ ವರ್ಷವೇ ಸಂಬಳದ ಎದುರು ವಜಾ ಆಯಿತು. ಉಳಿದ 1,44,000 ಮುಂದಕ್ಕೆ ಹೋಯಿತು. 2026-27ರಿಂದ 2033-34ರವರೆಗೆ, ಎಂಟು ಹಣಕಾಸು ವರ್ಷಗಳ ಮನೆ ಆಸ್ತಿ ಆದಾಯದ ಎದುರು ಅದನ್ನು ಬಳಸಬಹುದು. ಇದೇ ಉದ್ಯೋಗಿ ಬೆಂಗಳೂರಿಗೆ ಬಂದು ಅದೇ ಫ್ಲ್ಯಾಟ್‌ನಲ್ಲಿ ತಾವೇ ಇದ್ದಿದ್ದರೆ? ಸಂಬಳದಲ್ಲಿ ಆಗಲೂ ಎರಡು ಲಕ್ಷವೇ ಕಳೆಯುತ್ತಿತ್ತು, ಆದರೆ ಮುಂದಕ್ಕೆ ಒಯ್ಯಲು ಒಂದು ರೂಪಾಯಿಯೂ ಇರುತ್ತಿರಲಿಲ್ಲ.

ಇಲ್ಲಿ ಒಂದು ಸಣ್ಣ ತಿರುವು ಇದೆ. ಈ ಉದ್ಯೋಗಿಗೆ ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಕೊಟ್ಟ ಒಂದು ಅಂಗಡಿ ಮಳಿಗೆಯೂ ಇದೆ, ಅದರಿಂದ ಶೇ. 30 ಕಳೆದ ಮೇಲೆ 90,000 ಆದಾಯ ಎನ್ನೋಣ. ಮಳಿಗೆಯ ಬಾಡಿಗೆಯೂ ಮನೆ ಆಸ್ತಿ ಶೀರ್ಷಿಕೆಯಲ್ಲೇ ಬರುತ್ತದೆ. ಆಗ ಫ್ಲ್ಯಾಟಿನ ನಷ್ಟ ಮೊದಲು ಮಳಿಗೆಯ ಆದಾಯವನ್ನು ನುಂಗುತ್ತದೆ. ಒಂದೇ ಶೀರ್ಷಿಕೆಯೊಳಗಿನ ಈ ವಜಾಕ್ಕೆ ಎರಡು ಲಕ್ಷದ ಮಿತಿ ಇಲ್ಲ. 3,44,000ದಲ್ಲಿ 90,000 ಹೋಗಿ 2,54,000 ಉಳಿಯುತ್ತದೆ. ಅದರಲ್ಲಿ ಎರಡು ಲಕ್ಷ ಸಂಬಳಕ್ಕೆ, 54,000 ಮಾತ್ರ ಮುಂದಕ್ಕೆ. ಈ ಕ್ರಮ ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. "ಈ ವರ್ಷ ಸಂಬಳದ ಎದುರು ಬೇಡ, ಎಲ್ಲವನ್ನೂ ಮುಂದಕ್ಕೆ ಒಯ್ಯುತ್ತೇನೆ" ಎನ್ನಲೂ ಆಗುವುದಿಲ್ಲ.

ಮಳಿಗೆಯನ್ನು ಬಿಟ್ಟು ಮತ್ತೆ ಫ್ಲ್ಯಾಟಿಗೇ ಬರೋಣ. ಮುಂದಕ್ಕೆ ಹೋದ ಆ 1,44,000 ಮುಂದೆ ಏನಾಗುತ್ತದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಲೆಕ್ಕ ಹಾಕಲೇಬೇಕಾದ ಜಾಗ ಇದೇ ಎಂದು ನನ್ನ ಅಭಿಪ್ರಾಯ.

ಎರಡನೆಯ ವರ್ಷ, ಬಾಡಿಗೆ ತಿಂಗಳಿಗೆ 21,000 ಆಯಿತು. ಕಂದಾಯ, ಶೇ. 30 ಎಲ್ಲ ಕಳೆದರೆ 1,69,400. ಬಡ್ಡಿ ಇಳಿದದ್ದು ಸ್ವಲ್ಪವೇ, ಸುಮಾರು 4,94,000. ನಷ್ಟ 3,24,600. ಎರಡು ಲಕ್ಷ ಸಂಬಳಕ್ಕೆ ಹೋಗಿ 1,24,600 ಮತ್ತೆ ಮುಂದಕ್ಕೆ. ಮೊದಲ ವರ್ಷದ 1,44,000 ಇದ್ದ ಜಾಗದಲ್ಲೇ ಇದೆ. ಯಾಕೆ? ಅದನ್ನು ಬಳಸಲು ಮನೆ ಆಸ್ತಿಯಲ್ಲಿ ಆದಾಯ ಬೇಕು, ಈ ವರ್ಷವೂ ಬಂದದ್ದು ನಷ್ಟ. ಗಂಟು ದೊಡ್ಡದಾಯಿತು, ಒಟ್ಟು 2,68,600. ಬಿಚ್ಚುವ ಸಂದರ್ಭ ಮಾತ್ರ ಬರಲಿಲ್ಲ.

ಬಾಡಿಗೆ ವರ್ಷಕ್ಕೆ ಶೇ. 5ರಂತೆ ಏರುತ್ತಾ ಹೋಗಲಿ, ಇಎಂಐ ಹಾಗೇ ನಡೆಯಲಿ. ಒಂಬತ್ತನೆಯ ವರ್ಷ, ಅಂದರೆ 2033-34ರಲ್ಲಿ, ಬಾಡಿಗೆ ತಿಂಗಳಿಗೆ ಸುಮಾರು 29,500 ಆಗಿರುತ್ತದೆ. ಎಲ್ಲ ಕಳೆದು ಉಳಿಯುವುದು 2,41,000ದ ಆಸುಪಾಸು. ಬಡ್ಡಿ ಇನ್ನೂ 3,90,000ದ ಹತ್ತಿರ. ನಷ್ಟ ಸುಮಾರು 1,49,000, ಅದಷ್ಟೂ ಸಂಬಳದ ಎದುರು ಹೋಗುತ್ತದೆ. ಎರಡು ಲಕ್ಷದ ಮಿತಿಯಲ್ಲಿ ಇನ್ನೂ ಐವತ್ತೊಂದು ಸಾವಿರ ಖಾಲಿ ಇದೆ. ಆ ಖಾಲಿ ಜಾಗಕ್ಕೆ ಹಳೆಯ ಗಂಟಿನಿಂದ ತೆಗೆದು ತುಂಬಬಹುದೇ? ಇಲ್ಲ. ಹಳೆಯ ನಷ್ಟಕ್ಕೆ ಸಂಬಳದ ಬಾಗಿಲು ಎಂದೋ ಮುಚ್ಚಿದೆ. ಆ ವರ್ಷದ ಮಾರ್ಚ್ 31ಕ್ಕೆ ಮೊದಲ ವರ್ಷದ 1,44,000ದ ಅವಧಿ ಮುಗಿಯುತ್ತದೆ. ಒಂದು ರೂಪಾಯಿಯ ತೆರಿಗೆಯನ್ನೂ ಉಳಿಸದೆ ಅದು ಬಿದ್ದುಹೋಗುತ್ತದೆ.

ಕಾಗದದ ಮೇಲೆ ನೋಡಿದರೆ ಎಂಟು ವರ್ಷ ಉದಾರವಾಗಿ ಕಾಣುತ್ತದೆ. ಆದರೆ 20 ವರ್ಷದ ಸಾಲದಲ್ಲಿ ಮೊದಲ ಹತ್ತು ವರ್ಷ ಇಎಂಐಯ ಬಹುಪಾಲು ಬಡ್ಡಿಗೇ ಹೋಗುತ್ತದೆ. ಮನೆ ಆದಾಯಕ್ಕೆ ತಿರುಗುವ ಮೊದಲೇ ಎಂಟು ವರ್ಷ ಕಳೆದಿರುತ್ತದೆ. ಹಾಗಾದರೆ ಮನೆ ಯಾವಾಗ ಆದಾಯಕ್ಕೆ ತಿರುಗುತ್ತದೆ? ನೆನಪಿಡಲು ಸುಲಭವಾದ ಅಳತೆ ಒಂದಿದೆ. ಬಾಡಿಗೆಯಲ್ಲಿ ಕಂದಾಯ ಕಳೆದು ಉಳಿದದ್ದರ ಶೇ. 70ಕ್ಕಿಂತ ವರ್ಷದ ಬಡ್ಡಿ ಕಡಿಮೆಯಾದ ದಿನ. ನಿಮ್ಮ ಬಾಡಿಗೆ, ನಿಮ್ಮ ಬಡ್ಡಿ ಇಟ್ಟುಕೊಂಡು ಇವತ್ತು ರಾತ್ರಿಯೇ ಲೆಕ್ಕ ಹಾಕಿ ನೋಡಿ. ಆ ದಿನ ಎಂಟು ವರ್ಷದೊಳಗೆ ಬರುವಂತಿಲ್ಲದಿದ್ದರೆ ಮುಂದಕ್ಕೆ ಒಯ್ಯುವ ನಷ್ಟವನ್ನು ಆಸ್ತಿಯೆಂದು ಎಣಿಸಬೇಡಿ.

ಅದು ಉಪಯೋಗಕ್ಕೆ ಬರುವ ಸಂದರ್ಭವೂ ಇದೆ. ಇದೇ ಉದ್ಯೋಗಿ ಆರನೆಯ ವರ್ಷದ ಕೊನೆಗೆ ಊರಿನ ಸೈಟು ಮಾರಿ 38 ಲಕ್ಷವನ್ನು ಸಾಲಕ್ಕೆ ಕಟ್ಟಿದರು ಎನ್ನೋಣ. ಆಗ ಬಾಕಿ ಸುಮಾರು 51 ಲಕ್ಷ ಇದ್ದದ್ದು 13 ಲಕ್ಷಕ್ಕೆ ಇಳಿಯುತ್ತದೆ. ಏಳನೆಯ ವರ್ಷದ ಬಡ್ಡಿ ಸುಮಾರು ಒಂದು ಲಕ್ಷ. ಬಾಡಿಗೆ 26,800ರಂತೆ ವರ್ಷಕ್ಕೆ 3,21,600, ಕಂದಾಯ ಕಳೆದು 3,11,600, ಶೇ. 30 ಕಳೆದು 2,18,120. ಬಡ್ಡಿ ಕಳೆದರೆ ಮೊದಲ ಸಲ ಆದಾಯ ಬಂತು, 1,18,120. ಈ ಆದಾಯದ ಎದುರು ಮೊದಲ ವರ್ಷದ 1,44,000ದಿಂದ ಅಷ್ಟೂ ವಜಾ ಆಗುತ್ತದೆ, ಮನೆಯಿಂದ ತೆರಿಗೆಗೆ ಒಳಪಡುವ ಆದಾಯ ಸೊನ್ನೆ. ಮೊದಲ ವರ್ಷದ್ದು ಇನ್ನೂ 25,880 ಉಳಿದಿರುತ್ತದೆ, ಅದರ ಹಿಂದೆ ಎರಡನೆಯ ವರ್ಷದ್ದು, ಮೂರನೆಯದು ಕಾದಿರುತ್ತವೆ. ದೊಡ್ಡ ಮೊತ್ತ ಮುಂಗಡ ಕಟ್ಟುವ ಯೋಚನೆ ಇರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳೆಯ ಗಂಟು ಜೀವಂತ ಇರುವಾಗಲೇ ಕಟ್ಟಿದರೆ ಮುಂದಿನ ಕೆಲವು ವರ್ಷದ ಬಾಡಿಗೆ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ.

ಮುಂದಕ್ಕೆ ಒಯ್ಯುವ ಅಗತ್ಯವೇ ಬಾರದಂತೆ ಮಾಡುವ ದಾರಿಯೊಂದಿದೆ. ನನ್ನ ಮಟ್ಟಿಗೆ ಅದೇ ಒಳ್ಳೆಯದು. ಮನೆ ಕೊಳ್ಳುವಾಗಲೇ ಗಂಡ ಹೆಂಡತಿ ಇಬ್ಬರೂ ಕ್ರಯಪತ್ರದಲ್ಲಿ ಮಾಲೀಕರಾಗಿ, ಸಾಲದಲ್ಲೂ ಇಬ್ಬರೂ ಇದ್ದು, ಇಬ್ಬರೂ ತಮ್ಮ ತಮ್ಮ ದುಡಿಮೆಯಿಂದ ಕಟ್ಟುವುದು. ಎರಡು ಲಕ್ಷದ ಮಿತಿ ಮನೆಗೆ ಅಲ್ಲ, ತೆರಿಗೆದಾರರಿಗೆ. ನಮ್ಮ ಲೆಕ್ಕದ ಫ್ಲ್ಯಾಟ್ ಇಬ್ಬರ ಹೆಸರಲ್ಲಿ ಅರ್ಧರ್ಧ ಇದ್ದಿದ್ದರೆ 3,44,000 ನಷ್ಟ ತಲಾ 1,72,000 ಆಗುತ್ತಿತ್ತು. ಇಬ್ಬರದೂ ಎರಡು ಲಕ್ಷದೊಳಗೆ. ಇಡೀ ನಷ್ಟ ಮೊದಲ ವರ್ಷವೇ ಇಬ್ಬರ ಸಂಬಳದಲ್ಲಿ ಕಳೆದುಹೋಗುತ್ತಿತ್ತು. ಸ್ವಂತ ವಾಸದ ಮನೆಯಲ್ಲಂತೂ ಲಾಭ ಇನ್ನೂ ದೊಡ್ಡದು, ಅಲ್ಲಿ ಮೀರಿದ್ದು ಸತ್ತೇಹೋಗುತ್ತದಲ್ಲ. ಇಬ್ಬರಾದರೆ ತಲಾ ಎರಡು ಲಕ್ಷ ಬಡ್ಡಿ ಸಿಗುತ್ತದೆ.

ಇದರಲ್ಲಿ ತಪ್ಪುವುದು ಎಲ್ಲಿ ಎಂದರೆ ಸಾಲದಲ್ಲಿ ಮಾತ್ರ ಹೆಂಡತಿಯ ಹೆಸರು ಸೇರಿಸಿ, ಕ್ರಯಪತ್ರ ಒಬ್ಬರ ಹೆಸರಲ್ಲೇ ಇಡುವುದು. ಮಾಲೀಕರಲ್ಲದವರಿಗೆ ಮನೆ ಆಸ್ತಿ ಶೀರ್ಷಿಕೆಯೇ ಇಲ್ಲ, ಹಾಗಾಗಿ ಬಡ್ಡಿಯೂ ಇಲ್ಲ. ಆಮೇಲೆ ಎಚ್ಚರವಾಗಿ ಅರ್ಧ ಪಾಲನ್ನು ಹೆಂಡತಿಗೆ ದಾನಪತ್ರ ಮಾಡಿದರೂ ಉಪಯೋಗವಿಲ್ಲ. ತಕ್ಕ ಬೆಲೆ ಪಡೆಯದೆ ಸಂಗಾತಿಗೆ ವರ್ಗಾಯಿಸಿದ ಮನೆಗೆ ಕೊಟ್ಟವರನ್ನೇ ಮಾಲೀಕರೆಂದು ಸೆಕ್ಷನ್ 27 ಎಣಿಸುತ್ತದೆ. ಮಾಡುವುದಿದ್ದರೆ ರಿಜಿಸ್ಟ್ರೇಷನ್ ದಿನವೇ ಮಾಡಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಳೆಯ ತೆರಿಗೆ ಪದ್ಧತಿಯ ಮಾತು. ಹೊಸ ಪದ್ಧತಿ ಬಂದ ಮೇಲೆ ಈ ವಿಷಯದ ನೆಲವೇ ಬದಲಾಗಿದೆ. 2023-24ರ ಆದಾಯದಿಂದ ಹೊಸ ಪದ್ಧತಿಯೇ ಮೊದಲ ಆಯ್ಕೆ, ನಾವು ಏನೂ ಹೇಳದಿದ್ದರೆ ಅದರಲ್ಲೇ ಇರುತ್ತೇವೆ. ಅಲ್ಲಿ ಸ್ವಂತ ವಾಸದ ಮನೆಯ ಬಡ್ಡಿ ಕಳೆಯುವಂತಿಲ್ಲ. ಬಾಡಿಗೆ ಮನೆಯ ಬಡ್ಡಿ ಕಳೆಯಬಹುದು, ಆದರೆ ಅದರಿಂದ ಬರುವ ನಷ್ಟ ಸಂಬಳದ ಎದುರು ವಜಾ ಆಗುವುದಿಲ್ಲ. ಹಾಗೆ ಉಳಿದ ನಷ್ಟ ಪೂರ್ತಿ ಬಳಕೆಯಾಯಿತು ಎಂದೇ ಭಾವಿಸತಕ್ಕದ್ದು ಎಂಬ ಅರ್ಥದ ಮಾತು ಸೆಕ್ಷನ್ 115ಬಿಎಸಿಯಲ್ಲಿದೆ. ಅಂದರೆ ನೀವು ಹೊಸ ಪದ್ಧತಿ ಆರಿಸಿದ ವರ್ಷದ ನಷ್ಟವನ್ನು ಗಂಟಿಗೆ ಸೇರಿಸಿಕೊಳ್ಳುವ ಲೆಕ್ಕ ಇಟ್ಟುಕೊಳ್ಳಬೇಡಿ.

ಹಾಗಾದರೆ ಎರಡು ಲಕ್ಷದ ವಜಾಕ್ಕಾಗಿ ಹಳೆಯ ಪದ್ಧತಿಯಲ್ಲೇ ಇರಬೇಕೇ? ನಮ್ಮ ಉದ್ಯೋಗಿಯ 2025-26ರ ತೆರಿಗೆ ನೋಡೋಣ. ಹೊಸ ಪದ್ಧತಿಯಲ್ಲಿ ಹದಿನೈದು ಲಕ್ಷದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 14,25,000. ತೆರಿಗೆ, ಸೆಸ್ ಸೇರಿ 97,500. ಹಳೆಯದರಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, ಮನೆಯ ನಷ್ಟ ಎರಡು ಲಕ್ಷ, ಪಿಎಫ್ ಮತ್ತು ಸಾಲದ ಅಸಲು ಸೇರಿ 80ಸಿಯ ಒಂದೂವರೆ ಲಕ್ಷ, ಇಷ್ಟು ಕಳೆದರೆ 11 ಲಕ್ಷ. ತೆರಿಗೆ, ಸೆಸ್ ಸೇರಿ 1,48,200. ಮನೆ ಸಾಲವಿದ್ದೂ ಹೊಸ ಪದ್ಧತಿಯಲ್ಲೇ 50,700 ಕಡಿಮೆ! ಈ ಉದ್ಯೋಗಿ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದು 1,80,000 ಎಚ್‌ಆರ್‌ಎ ವಿನಾಯಿತಿಯೂ, 25,000 ಆರೋಗ್ಯ ವಿಮೆಯ ಕಡಿತವೂ ಸಿಕ್ಕರೆ ಹಳೆಯ ಪದ್ಧತಿಯ ತೆರಿಗೆ 95,160ಕ್ಕೆ ಇಳಿದು, ಕೂದಲೆಳೆಯಷ್ಟು ಅದೇ ಮೇಲಾಗುತ್ತದೆ. ಹೀಗೆ ಮನೆ ಸಾಲವೊಂದೇ ತೀರ್ಮಾನ ಮಾಡುವುದಿಲ್ಲ, ಎಚ್‌ಆರ್‌ಎ ಜೊತೆಗಿದೆಯೇ ಎನ್ನುವುದು ಬಹಳ ಸಲ ತೀರ್ಮಾನ ಮಾಡುತ್ತದೆ. ಮುಂದಕ್ಕೆ ಹೋಗುವ 1,44,000ವನ್ನು ಈ ತಕ್ಕಡಿಯಲ್ಲಿ ಇಡಬೇಡಿ. ಅದು ಕೈಗೆ ಬರುವುದೇ ಅನುಮಾನ ಎಂದು ಆಗಲೇ ಕಂಡೆವು.

ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ಪ್ರತಿ ವರ್ಷ ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಆಫೀಸಿಗೆ ಹೊಸದು ಎಂದು ಹೇಳಿದ್ದರೂ ರಿಟರ್ನ್‌ನಲ್ಲಿ ಹಳೆಯದನ್ನು ಆರಿಸಲು ಅಡ್ಡಿಯಿಲ್ಲ. ಆದರೆ ಗಡುವಿನೊಳಗೆ ಆರಿಸಬೇಕು, ಸಾಮಾನ್ಯವಾಗಿ ಅದು ಜುಲೈ 31. ಗಡುವು ದಾಟಿ ಸಲ್ಲಿಸುವವರಿಗೆ ಹಳೆಯ ಪದ್ಧತಿಯ ಆಯ್ಕೆಯೇ ಇಲ್ಲ. ಇದು ಈ ವಿಷಯದಲ್ಲಿ ಅತಿ ದುಬಾರಿ ಎಡವಟ್ಟು. ಹಿಂದೆ ಓದಿಕೊಂಡವರು "ಮನೆ ನಷ್ಟಕ್ಕೆ ತಡವಾದರೂ ತೊಂದರೆ ಇಲ್ಲ" ಎನ್ನುತ್ತಾರೆ. ಕಾನೂನಿನ ಅಕ್ಷರದಲ್ಲಿ ಅದು ಸರಿ. ತಡವಾಗಿ ಸಲ್ಲಿಸಿದರೆ ಮುಂದಕ್ಕೆ ಒಯ್ಯಲಾಗದ ನಷ್ಟಗಳ ಪಟ್ಟಿ ಸೆಕ್ಷನ್ 80ರಲ್ಲಿದೆ, ವ್ಯಾಪಾರದ ನಷ್ಟ, ಬಂಡವಾಳ ನಷ್ಟ ಅದರಲ್ಲಿವೆ, 71ಬಿ ಇಲ್ಲ. ಆದರೆ ತಡವಾದ ರಿಟರ್ನ್ ಹೊಸ ಪದ್ಧತಿಯಲ್ಲೇ ಆಗಬೇಕಾದ್ದರಿಂದ ಆ ವರ್ಷದ ಎರಡು ಲಕ್ಷದ ವಜಾವೂ ಹೋಗುತ್ತದೆ. ಶೇ. 30ರ ಹಂತದಲ್ಲಿರುವವರಿಗೆ ಆ ವಜಾದ ಬೆಲೆ ಸೆಸ್ ಸೇರಿ 62,400 ರೂಪಾಯಿ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಮೇಷ್ಟ್ರು ಕೇಳಿದರು: "ಆಫೀಸಿನಲ್ಲೇ ಟಿಡಿಎಸ್ ಕಡಿಮೆ ಮಾಡಿಸಬಹುದಲ್ಲವೇ, ರಿಟರ್ನ್ ತನಕ ಕಾಯುವುದೇಕೆ?" ಮಾಡಿಸಬಹುದು. ಬೇರೆ ನಷ್ಟಗಳನ್ನು ಆಫೀಸಿನವರು ಪರಿಗಣಿಸುವಂತಿಲ್ಲ, ಮನೆ ಆಸ್ತಿಯ ನಷ್ಟವನ್ನು ಮಾತ್ರ ಪರಿಗಣಿಸಬಹುದು. 2025-26ರವರೆಗೆ ಅದಕ್ಕೆ ಫಾರಂ 12ಬಿಬಿ ಕೊಡಬೇಕಿತ್ತು, ಅದರಲ್ಲಿ ಬಡ್ಡಿ ಮೊತ್ತ, ಸಾಲ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಬರೆಯಬೇಕಿತ್ತು. ಬ್ಯಾಂಕು ವರ್ಷದ ನಡುವೆ ಕೊಡುವ ಸರ್ಟಿಫಿಕೇಟ್ ತಾತ್ಕಾಲಿಕ. ರಿಟರ್ನ್‌ಗೆ ಮಾರ್ಚ್ ಮುಗಿದ ಮೇಲೆ ಬರುವ ಅಂತಿಮ ಸರ್ಟಿಫಿಕೇಟನ್ನೇ ಇಟ್ಟುಕೊಳ್ಳಿ, ಬಡ್ಡಿ ದರ ನಡುವೆ ಬದಲಾಗಿದ್ದರೆ ಎರಡರಲ್ಲೂ ಅಂಕಿ ಬೇರೆ ಇರುತ್ತದೆ.

ಮುಂದಿನ ಸಾಲಿನಲ್ಲಿದ್ದ ಅಮ್ಮನವರೊಬ್ಬರ ಪ್ರಶ್ನೆ: "ಮಗ ನಾವಿರುವ ಮನೆಯನ್ನೇ ನಮಗೆ ಬಾಡಿಗೆಗೆ ಕೊಟ್ಟಂತೆ ತೋರಿಸುತ್ತಾನಂತೆ. ಆಗ ಪೂರ್ತಿ ಬಡ್ಡಿ ಸಿಗುತ್ತದೆಯಂತೆ, ಹೌದೇ?" ಅಮ್ಮ, ನಿಜವಾಗಿ ಬಾಡಿಗೆ ಕೊಟ್ಟು, ಅದು ಬ್ಯಾಂಕಿನಲ್ಲಿ ಪ್ರತಿ ತಿಂಗಳು ಕಾಣುವಂತಿದ್ದು, ಕರಾರು ಪತ್ರವಿದ್ದು, ಆ ಊರಿನಲ್ಲಿ ಅಂಥ ಮನೆಗೆ ಬರುವಷ್ಟು ಬಾಡಿಗೆ ಇದ್ದರೆ ಅದು ಬಾಡಿಗೆ ಮನೆಯೇ. ಬರೀ ಕಾಗದದ ಬಾಡಿಗೆ ಆದರೆ ಬೇಡ. ಅದು ಸುಳ್ಳು ಲೆಕ್ಕ, ಸಿಕ್ಕಿಬಿದ್ದರೆ ತೆರಿಗೆಯ ಜೊತೆ ಬಡ್ಡಿಯೂ ದಂಡವೂ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟೆಲ್ಲ ಮಾಡಿದರೂ ಸಂಬಳದಲ್ಲಿ ಕಳೆಯುವ ನಷ್ಟ ಎರಡು ಲಕ್ಷವನ್ನು ದಾಟುವುದಿಲ್ಲ. ಮಗನಿಗೆ ಸಿಗುವುದು ಬಹುಪಾಲು ಬಳಸಲಾಗದ ಗಂಟು.

ಇನ್ನೊಬ್ಬರು ಕೇಳಿದ್ದು: "ಹೋದ ವರ್ಷ ITR-1 ಸಲ್ಲಿಸಿದೆ. ಮುಂದಕ್ಕೆ ಹೋಗಬೇಕಾದ ನಷ್ಟ ಎಲ್ಲೂ ಕಾಣುತ್ತಿಲ್ಲ." ಕಾಣುವುದಿಲ್ಲ, ಯಾಕೆಂದರೆ ಆ ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲ. ನಷ್ಟವನ್ನು ಮುಂದಕ್ಕೆ ಒಯ್ಯುವವರು, ಹಿಂದಿನ ನಷ್ಟ ತರುವವರು ITR-2 ಸಲ್ಲಿಸಬೇಕು. ಅದರಲ್ಲಿ ನಾಲ್ಕು ಕಡೆ ಕಣ್ಣಾಡಿಸಿ. Schedule HPಯಲ್ಲಿ ಮನೆಯ ಲೆಕ್ಕ. CYLA ಎಂಬಲ್ಲಿ ಈ ವರ್ಷದ ನಷ್ಟ ಸಂಬಳದ ಎದುರು ವಜಾ ಆದದ್ದು, ನಮ್ಮ ಉದಾಹರಣೆಯಲ್ಲಿ ಅಲ್ಲಿ 2,00,000 ಕಾಣಬೇಕು. BFLAಯಲ್ಲಿ ಹಿಂದಿನ ವರ್ಷಗಳ ನಷ್ಟ ಬಳಕೆಯಾದದ್ದು. ಕೊನೆಗೆ CFL, ಮುಂದಕ್ಕೆ ಹೋಗುವ ನಷ್ಟ ಯಾವ ವರ್ಷದ್ದು ಎಷ್ಟು ಎಂದು ಅಲ್ಲಿರುತ್ತದೆ. ನಮ್ಮ ಲೆಕ್ಕದಲ್ಲಿ ಅಲ್ಲಿ 1,44,000 ಬರಬೇಕು. ಅಲ್ಲಿ ಸೊನ್ನೆ ಇದ್ದರೆ ಸಲ್ಲಿಸುವ ಗುಂಡಿ ಒತ್ತಬೇಡಿ. ಪದ್ಧತಿಯ ಆಯ್ಕೆ ಹೊಸದರಲ್ಲೇ ಉಳಿದಿದೆಯೇ, ಮನೆಯನ್ನು ಸ್ವಂತ ವಾಸದ್ದೆಂದು ಗುರುತಿಸಿದ್ದೀರೇ, ಮೊದಲು ಈ ಎರಡನ್ನು ನೋಡಿ. ಬಹುತೇಕ ಸಲ ತಪ್ಪು ಇವೆರಡರಲ್ಲೊಂದು ಕಡೆ ಇರುತ್ತದೆ.

ಕೊನೆಯ ಪ್ರಶ್ನೆ ಹೊಸ ಕಾಯ್ದೆಯದು. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ನಾನು ಹೇಳಿದ ಸೆಕ್ಷನ್ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು, ಹೊಸದರಲ್ಲಿ ಸಂಖ್ಯೆಗಳು ಬೇರೆ. ಎರಡು ಲಕ್ಷದ ಎರಡೂ ಮಿತಿಗಳು, ಎಂಟು ವರ್ಷದ ಅವಧಿ ಹಾಗೇ ಇವೆ. ಹಳೆಯ ಕಾಯ್ದೆಯಡಿ ಉಳಿದ ನಷ್ಟ ಅಲ್ಲಿಗೆ ಮುಗಿಯುವುದಿಲ್ಲ, ಅದರ ಉಳಿದ ವರ್ಷಗಳೊಂದಿಗೆ ಹೊಸ ಕಾಯ್ದೆಗೆ ಬರುತ್ತದೆ. ಹಾಗಾಗಿ ನಷ್ಟ ಹುಟ್ಟಿದ ವರ್ಷದ ರಿಟರ್ನ್, ಅದರ ಸ್ವೀಕೃತಿ, ಆ ವರ್ಷದ ಬಡ್ಡಿ ಸರ್ಟಿಫಿಕೇಟ್, ಕಂದಾಯದ ರಸೀದಿ, ಬಾಡಿಗೆ ಕರಾರು ಇವನ್ನು ಆ ನಷ್ಟದ ಎಂಟನೆಯ ವರ್ಷ ಮುಗಿಯುವವರೆಗೂ ಒಂದೇ ಕಡತದಲ್ಲಿ ಇಟ್ಟುಕೊಂಡಿರಿ.